ಕತ್ತರಿಸಿದ ಬೂದುಗುಂಬಳ ಎಷ್ಟ್ ದಿನ ಇಡ್ತೀರಾ, ಹೇಗ್ ಇಡ್ತೀರಾ?

ಇಬ್ರೇ ಮನೇಲಿ: ಬೂದುಗುಂಬಳ ಹೆಚ್ಚಿ ಉಳಿದಿದ್ದನ್ನ ಫ್ರಿಜ್‌ನಲ್ಲಿಟ್ರೆ ಎರಡೇ ದಿನಕ್ಕೆ ಲೋಳೆ, ಹುಳಿ ವಾಸನೆ. ನೀವೆಲ್ಲ ಹೇಗ್ ಇಡ್ತೀರಾ? ಹೀರೇಕಾಯಿ, ಪಡವಲಕಾಯಿ ಎಳೇದು ಅಂತ ಹೇಗ್ ಗೊತ್ತಾಗತ್ತೆ ಅದನ್ನೂ ಹೇಳಿ.

ಸಾಗರದ ಸೊಸೆ: ನಮ್ಮತ್ತೆ ಮನೇಲಿ ಇಡೀ ಕಾಯಿನ ಬಾಳೆನಾರಲ್ಲಿ ಕಟ್ಟಿ ಅಟ್ಟದಲ್ಲಿ ತೂಗು ಹಾಕ್ತಾರೆ, ಬಲಿತದ್ದಾದ್ರೆ ತಿಂಗಳುಗಟ್ಲೆ ಏನೂ ಆಗಲ್ಲ. ಕತ್ತಿ ತಾಗಿದ್ಮೇಲೆ ಕಥೆ ಬೇರೆ. ನನ್ನ ನಾದಿನಿ ಬೆಂಗಳೂರಲ್ಲಿ ಆಯುಧಪೂಜೆ ಹೊತ್ತಿಗೆ ಕೆಜಿಗೆ 40 ರೂಪಾಯಿ ಕೊಟ್ಟು 6 ಕೆಜಿ ಕಾಯಿ ತಂದ್ಲು, ಅಂದ್ರೆ 240, ಮೇಲೆ ಆಟೋಗೆ 80. ಪೂರ್ತಿ ಹೆಚ್ಚಿ, ತೊಳೆದು, ಡಬ್ಬಿಗೆ ತುಂಬಿ ಮುಚ್ಚಳ ಬಿಗಿ ಮಾಡಿದ್ಲು. ಬೆಳಿಗ್ಗೆ ನೋಡಿದ್ರೆ ಡಬ್ಬಿ ತಳದಲ್ಲಿ ನೀರು, ಮಾರನೇ ದಿನಕ್ಕೆ ಹುಳಿ ನಾತ. ಕೊಳೆಯೋದು ಮೊದ್ಲು ಬೀಜದ ಸುತ್ತ ಇರೋ ತಿರುಳು, ಅಲ್ಲಿಂದ ಹೋಳುಗಳಿಗೆ ಹತ್ತತ್ತೆ. ಅದಕ್ಕೆ ಒಣ ಚಾಕು, ಒಣ ಮಣೆ. ತುದಿಯಿಂದ ಆವತ್ತಿಗೆ ಬೇಕಾದಷ್ಟು ಗಾಲಿ ಥರ ಕೊಯ್ಕೊಳಿ, ಉಳಿದಿದ್ದರ ಸಿಪ್ಪೆ ತೆಗೀಬೇಡಿ. ತಿರುಳು ಬೀಜ ಎಲ್ಲ ಸ್ಪೂನಲ್ಲಿ ಕೆರೆದು ತೆಗೆದು, ನೀರು ಸೋಕಿಸದೆ ಹತ್ತಿ ಬಟ್ಟೇಲಿ ಒರೆಸಿ, ಕೊಯ್ದ ಮುಖಕ್ಕೆ ಇನ್ನೊಂದು ಒಣ ಬಟ್ಟೆ ಹೊದಿಸಿ ಫ್ರಿಜ್ಜಿನ ತರಕಾರಿ ಡ್ರಾಯರಿಗೆ ಹಾಕಿ. ಬಟ್ಟೆ ತೇವ ಆದ್ರೆ ಬದಲಾಯ್ಸಿ. ನಮ್ಮಲ್ಲಿ ನಾಕೈದು ದಿನ ಧೈರ್ಯವಾಗಿ ಇರತ್ತೆ. ಮುಖ ಬರೀ ಒಣಗಿ ಸುಕ್ಕಾಗಿದ್ರೆ ಒಂದು ಪದರ ಹೆರೆದು ಹಾಕಿ, ಉಳಿದಿದ್ದು ಚೆನ್ನಾಗಿರತ್ತೆ. ಬೆರಳಿಗೆ ಜಾರಿದ್ರೆ, ಹುಳಿ ವಾಸನೆ ಬಂದ್ರೆ ಹೆರೆಯೋಕ್ ಹೋಗ್ಬೇಡಿ, ಬಿಸಾಕಿ.

ಬೆಳಿಗ್ಗೆ ಜ್ಯೂಸು: ಇಷ್ಟೆಲ್ಲ ಒದ್ದಾಟ ಯಾಕೆ, ನಾನು ದಿನಾ ಖಾಲಿ ಹೊಟ್ಟೇಲಿ ಇದರ ಜ್ಯೂಸು ಕುಡಿಯೋನು. ಹೋಳು ಮಾಡಿ ಫ್ರೀಜರ್‌ಗೆ ಹಾಕ್ತೀನಿ, ತಿಂಗಳಾದ್ರೂ ಕೆಡಲ್ಲ. ಕೊಳ್ಳುವಾಗ ಮೈಮೇಲೆ ಬೂದಿ ಇದ್ರೆ ಬಲಿತದ್ದು, ಇಲ್ದಿದ್ರೆ ಎಳೇದು, ಅಷ್ಟೇ ವಿಷ್ಯ.

ಸಾಗರದ ಸೊಸೆ: ಜ್ಯೂಸಿಗಾದ್ರೆ ಸರಿ ಸಾರ್. ಫ್ರೀಜರ್ ಹೋಳನ್ನ ಮಜ್ಜಿಗೆಹುಳಿಗೆ ಹಾಕಿ ನೋಡಿ, ಸ್ಪಂಜು ಅಗಿದ ಹಾಗಿರತ್ತೆ. ತುರಿದು ಫ್ರೀಜ್ ಮಾಡಿದ್ರೆ ಕಾಶಿ ಹಲ್ವಾಗೆ ನಡಿಯತ್ತೆ, ಹೇಗೂ ನೀರು ಹಿಂಡ್ತೀವಲ್ಲ. ಇನ್ನು ಬೂದಿ ಲಾರೀಲಿ ಉಜ್ಜಿ ಹೋಗಿರತ್ತೆ. ತೊಟ್ಟು ಒಣಗಿದ್ಯಾ, ಸಿಪ್ಪೆ ಗಟ್ಟಿ ಇದ್ಯಾ, ಗಾತ್ರಕ್ಕೆ ತಕ್ಕ ತೂಕ ಇದ್ಯಾ ನೋಡಿ. ಉಗುರು ಸಲೀಸಾಗಿ ಇಳಿದ್ರೆ ಎಳೇದು, ಅಂಥದ್ದನ್ನ ಅಟ್ಟಕ್ಕೆ ಕಟ್ಟಬೇಡಿ.

ಬೆಳಿಗ್ಗೆ ಜ್ಯೂಸು: ಪ್ರಶ್ನೆ ಕೇಳಿದವರು ಮಜ್ಜಿಗೆಹುಳಿ ಅಂದೇ ಇಲ್ಲ.

ಸಾಗರದ ಸೊಸೆ: ಜ್ಯೂಸು ಅಂತಾನೂ ಅಂದಿಲ್ಲ.

ಸಂತೆ ರೈತ: ಉಗುರಿನ ಮಾತು ಬಂತಲ್ಲ, ಹೇಳೇಬಿಡ್ತೀನಿ. ಪಡವಲ, ಹೀರೆ ಬೆಳ್ದು ಸಂತೆಗೆ ತರ್ತೀನಿ. ಬರೋರೆಲ್ಲ ಉಗುರು ಚುಚ್ತಾರೆ, ತುದಿ ಮುರೀತಾರೆ, ಆಮೇಲೆ 'ಬೇಡ ಬಿಡಿ' ಅಂತ ಹೋಗ್ತಾರೆ. ಚುಚ್ಚಿದ ಜಾಗ ಸಂಜೆಗೆ ಕಪ್ಪಾಗತ್ತೆ, ಅದನ್ನ ಯಾವನ್ ತಗೋತಾನೆ? ಹೋದ ವಾರ 30 ಕೆಜಿ ಹೀರೇಲಿ 7 ಕೆಜಿ ದನಕ್ಕೆ ಹಾಕ್ದೆ, ಕೆಜಿ 35ರ ಲೆಕ್ಕಕ್ಕೆ 245 ರೂಪಾಯಿ ನೀರಲ್ಲಿ ಹೋಮ. ಚುಚ್ಚದೇನೇ ಗೊತ್ತಾಗತ್ತೆ ಸ್ವಾಮಿ. ಹೀರೇಕಾಯಿ ಕೈಯಲ್ಲಿ ಹಿಡಿದ್ರೆ ಭಾರ ಅನ್ನಿಸ್ಬೇಕು, ಉದ್ದ ಇದ್ದೂ ಹಗುರ ಇದ್ರೆ ಒಳಗೆ ನಾರು. ಸಣ್ಣಗೆ ಬಗ್ಗಿಸಿದ್ರೆ ಎಳೇದು ಬಾಗತ್ತೆ. ಪಡವಲ ಒಂದೇ ದಪ್ಪ ಇರ್ಬೇಕು, ನಡುವೆ ಬೀಜ ಉಬ್ಬಿದ್ರೆ ಬಲಿತದ್ದು, ತುದಿ ಕೆಂಪಗಾಗಿದ್ರೆ ಹಣ್ಣಾಗಿದೆ. ನೆಟ್ಟಗಿದ್ರೆ ಒಳ್ಳೇದು ಅಂತ ತಿಳ್ಕೋಬೇಡಿ, ನೆಟ್ಟಗೆ ಬರ್ಲಿ ಅಂತ ನಾವೇ ತುದಿಗೆ ಕಲ್ಲು ಕಟ್ಟಿರ್ತೀವಿ.

ಪದ್ದಕ್ಕ: ಹೀರೇಕಾಯಿ ಬಗ್ಗೆ ನನ್ನ ಕೇಳಿ. ಮೊನ್ನೆ ಪಲ್ಯ ಪೂರ್ತಿ ಕಹಿ, ಅದಕ್ಕೆ ಹಾಕಿದ ಅರ್ಧ ತೆಂಗಿನಕಾಯೂ ದಂಡ. ನಮ್ಮಮ್ಮ ಹೋಳನ್ನ ಉಪ್ಪುನೀರಲ್ಲಿ ನೆನೆಸಿದ್ರೆ ಕಹಿ ಹೋಗತ್ತೆ ಅಂತಿದ್ರು, ಹಾಗೇ ಮಾಡಿದ್ದೆ.

ಸಂತೆ ರೈತ: ಅಕ್ಕಾ, ಅದು ಹಾಗಲಕಾಯಿಗೆ. ಹೀರೆ ಕಹಿ ಇದ್ರೆ ತಿನ್ಲೇಬಾರ್ದು, ವಾಂತಿ ಭೇದಿ ಆಗತ್ತೆ, ಬೇಯಿಸಿದ್ರೂ ಆ ಕಹಿ ಹೋಗಲ್ಲ. ಹೆಚ್ಚೋ ಮುಂಚೆ ಎರಡೂ ತುದಿಯಿಂದ ಚೂರು ನಾಲಿಗೆಗೆ ಮುಟ್ಸಿ ಉಗುಳಿ. ಒಂದೇ ಬಳ್ಳೀಲಿ ಒಂದು ಕಹಿ ಒಂದು ಸಿಹಿ ಇರಬಹುದು, ಪ್ರತಿಯೊಂದನ್ನೂ ನೋಡಿ.

ಪದ್ದಕ್ಕ: ನಮ್ಮಮ್ಮನಿಗೆ ಗೊತ್ತಿಲ್ಲದ್ದು ನಿಮಗೆ ಗೊತ್ತಾ? ನಲವತ್ತು ವರ್ಷ ಅಡುಗೆ ಮಾಡಿದ್ರು. ಕಹಿ ಕಾಯಿ ಮಾರೋರು ನೀವು, ಪಾಠ ನಮಗೆ.

ಬೆಳಿಗ್ಗೆ ಜ್ಯೂಸು: 😂 ರೈತರು ಹೇಳಿದ್ದೇ ಸರಿ. ಜ್ಯೂಸಿಗೂ ಅದೇ, ಕಹಿ ಇದ್ರೆ ಚೆಲ್ಲೋದೇ.

ಇಬ್ರೇ ಮನೇಲಿ: ಸಾಗರದವರೇ, ಬಟ್ಟೆ ಬದಲು ನ್ಯೂಸ್ ಪೇಪರ್ ಸುತ್ತಿದ್ರೆ ನಡಿಯತ್ತಾ? ಕೆರೆದ ತಿರುಳು ಏನ್ ಮಾಡ್ತೀರಾ?

ಸಾಗರದ ಸೊಸೆ: ಪಡವಲಕ್ಕೆ ಪೇಪರ್ ನಡಿಯತ್ತೆ, ಕೊಯ್ದ ಬೂದುಗುಂಬಳಕ್ಕೆ ಬೇಡ, ಶಾಯಿ ಹತ್ತತ್ತೆ. ತಿರುಳನ್ನ ಬೀಜ ತೆಗೆದು ಅಕ್ಕಿ ಜೊತೆ ರುಬ್ಬಿ ದೋಸೆ ಹಾಕ್ತೀವಿ, ಆವತ್ತೇ ಮಾಡ್ಬೇಕು.

ಪದ್ದಕ್ಕ: ದೋಸೆ ಏನ್ ಬಂತು, ಬಿಸಿಲಿದ್ರೆ ಪೂರ್ತಿ ಕಾಯಿ ಅರಳುಸಂಡಿಗೆ ಮಾಡಿ. ಫ್ರಿಜ್ಜೇ ಬೇಡ.

ಸಂತೆ ರೈತ: ಇಬ್ರಿಗೆ ಪೂರ್ತಿ ಕಾಯಿ ಸಂಡಿಗೇನಾ ಅಕ್ಕಾ?