ಸಹಾಯ ಬೇಕು: 140 ರೂಪಾಯಿ ರೊಟ್ಟಿ ಊಟದಲ್ಲಿ ಕೈಗೆ ಏನೂ ಉಳೀತಿಲ್ಲ

ನಮಸ್ಕಾರ್ರೀ ಎಲ್ಲರಿಗೂ. ಹುಬ್ಬಳ್ಳಿ ವಿದ್ಯಾನಗರದಲ್ಲಿ ನಾಲ್ಕು ತಿಂಗಳ ಹಿಂದೆ ಒಂದು ಕ್ಲೌಡ್ ಕಿಚನ್ ಶುರು ಮಾಡಿದೆ. ಕೂತು ಉಣ್ಣೋ ಜಾಗ ಇಲ್ಲ, ಬರೀ ಡೆಲಿವರಿ. ಜೋಳದ ರೊಟ್ಟಿ ಊಟ ಚೆನ್ನಾಗಿ ಹೋಗುತ್ತೆ, ಆದರೆ ಲೆಕ್ಕ ನೋಡಿದ್ರೆ ತಲೆ ತಿರುಗುತ್ತೆ.

ಒಂದು ಊಟಕ್ಕೆ 140 ರೂಪಾಯಿ. ಆ್ಯಪ್‌ನವರ ಕಮಿಷನ್ 25%, ಅಂದ್ರೆ 35. ಆ ಕಮಿಷನ್ ಮೇಲೆ 18% ಜಿಎಸ್‌ಟಿ, 6.30. ಅಡುಗೆ ಸಾಮಾನು 52. ಪ್ಯಾಕಿಂಗ್ 19. ಉಳಿಯೋದು 27.70. ಇದರಲ್ಲೇ ಗ್ಯಾಸ್, ಬಾಡಿಗೆ, ರೊಟ್ಟಿ ಬಡಿಯೋ ಅಕ್ಕನ ಸಂಬಳ. 20 ರೂಪಾಯಿ ರಿಯಾಯಿತಿ ಕೊಟ್ಟ ದಿನ ಸುಮ್ನೆ ದುಡಿದ ಹಾಗೆ.

ಎಣ್ಣೆಗಾಯಿ, ಕಾಳುಪಲ್ಯ, ಮೊಸರು, ಶೇಂಗಾ ಚಟ್ನಿ ನಾಲ್ಕಕ್ಕೂ ಬೇರೆ ಬೇರೆ ಡಬ್ಬಿ. ಖಾನೆ ಇರೋ ಒಂದೇ ತಟ್ಟೆಗೆ ಹಾಕಿ ನೋಡಿದೆ, ಎಣ್ಣೆ ಹರಿದು ಮೊಸರು ಕೆಂಪಾಯ್ತು! ಬಿಸಿ ರೊಟ್ಟಿನ ಫಾಯಿಲ್‌ನಲ್ಲಿ ಸುತ್ತಿದ್ರೆ ಬೆವರಿ ಮೆತ್ತಗಾಗುತ್ತೆ. ಈಗ ಆರಿಸಿ ಬಟರ್ ಪೇಪರ್‌ನಲ್ಲಿ ಕಳಿಸ್ತೀನಿ, ಇದೊಂದು ಸರಿ ಹೋಯ್ತು.

ಮೆನುವಿನಲ್ಲಿ 34 ಐಟಂ ಇವೆ. ಪನೀರ್ ಐಟಂಗಳು ದಿನಕ್ಕೆ ಎರಡು ಹೋದ್ರೆ ಜಾಸ್ತಿ, ವಾರಕ್ಕೆ ಅರ್ಧ ಕೆಜಿ ಪನೀರ್ ಹುಳಿಯಾಗಿ ಚೆಲ್ತೀನಿ. ಆದ್ರೆ ಪನೀರ್ ತಗೊಳ್ಳೋರ ಬಿಲ್ ದೊಡ್ಡದು, ಅದಕ್ಕೇ ತೆಗೆಯೋಕೆ ಮನಸ್ಸಿಲ್ಲ.

ಮೇಲೆ ಫಿಲ್ಮ್ ಅಂಟಿಸೋ ಸೀಲಿಂಗ್ ಮಷಿನ್ ಹಾಕಿದ್ರೆ ಖಾನೆ ತಟ್ಟೆಯಲ್ಲಿ ಸೋರೋದು ನಿಲ್ಲುತ್ತಾ? ಪನೀರ್ ಪೂರ್ತಿ ತೆಗೆದವರು ಯಾರಾದ್ರೂ ಇದ್ದೀರಾ, ಆರ್ಡರ್ ಬಿತ್ತಾ? ಅನುಭವ ಇದ್ದವರು ಹೇಳ್ರೀ.