ಕೊಳೆತ ಬೀನ್ಸ್ ಸಸಿ ಯಾವ ವಾದಕ್ಕೆ ಸೇರುತ್ತದೆ?

ಪ್ರಶ್ನೆ (ತರಬೇತಿಯಲ್ಲಿರುವ ಶಿಕ್ಷಕಿ):
ಆದರ್ಶವಾದ, ನಿಸರ್ಗವಾದ, ಪ್ರಯೋಜನವಾದ ಮೂರನ್ನೂ ಓದಿದ್ದೇನೆ. ನೋಟ್ಸ್‌ನಲ್ಲಿ ಕೊನೆಯ ಎರಡಕ್ಕೂ ‘ಮಗುವೇ ಕೇಂದ್ರ’ ಅಂತಲೇ ಇದೆ. ಕಳೆದ ವಾರ ಐದನೇ ತರಗತಿಯ ಪಾಠ ನೋಡಲು ಹೋಗಿದ್ದೆ. ಮಕ್ಕಳು ಹತ್ತು ಕುಂಡಗಳಲ್ಲಿ ಬೀನ್ಸ್ ಬೀಜ ಹಾಕಿದ್ದರು. ಹೋಗ್ತಾ ಬರ್ತಾ ನೀರು ಸುರಿದು ಮೂರು ಕುಂಡದ ಸಸಿ ಕೊಳೆತಿದ್ದವು. ಹೀಗಾಗುತ್ತದೆ ಅಂತ ಟೀಚರ್‌ಗೆ ಮೊದಲೇ ಗೊತ್ತಿತ್ತು, ಆದರೂ ಸುಮ್ನೆ ಇದ್ದರು. ಇದು ಯಾವ ವಾದ? ವರದಿ ಬರೆಯಬೇಕು, ದಯವಿಟ್ಟು ತಿಳಿಸಿ.

ಉತ್ತರ (ತರಬೇತಿ ಕಾಲೇಜಿನ ನಿವೃತ್ತ ಉಪನ್ಯಾಸಕಿ):
ಸಸಿ ಕೊಳೆತ ದಿನವನ್ನಷ್ಟೇ ನೋಡಿ ಹೇಳಲು ಆಗುವುದಿಲ್ಲಮ್ಮ. ಮಾರನೆಯ ದಿನ ಟೀಚರ್ ಏನು ಮಾಡಿದರು ಅನ್ನುವುದು ಬೇಕು. ಎಲ್ಲ ಸರಿ ಹೋಗುತ್ತಿರುವಾಗ ಮೂರೂ ಬಗೆಯ ತರಗತಿಗಳು ಹೆಚ್ಚು ಕಡಿಮೆ ಒಂದೇ ಥರ ಕಾಣುತ್ತವೆ. ಮಗು ತಪ್ಪಿದಾಗ ಆ ತಪ್ಪನ್ನು ತಿದ್ದುವುದು ಯಾವುದು? ನಾನು ವರದಿಗಳನ್ನು ನೋಡುವಾಗ ಹುಡುಕುತ್ತಿದ್ದದ್ದು ಅದೊಂದನ್ನೇ.

ಮೊದಲು ನಿಸರ್ಗವಾದ. ರೂಸೋ 1762ರಲ್ಲಿ ಬರೆದ ‘ಎಮಿಲ್’ನಲ್ಲಿ ಒಂದು ಕಿಟಕಿಯ ಪ್ರಸಂಗವಿದೆ. ಹುಡುಗ ತನ್ನ ಕೋಣೆಯ ಕಿಟಕಿಯ ಗಾಜು ಒಡೆಯುತ್ತಾನೆ. ಬೈಯಬೇಡಿ, ಗಾಜನ್ನು ತಕ್ಷಣ ಹಾಕಿಸಲೂ ಬೇಡಿ ಅನ್ನುತ್ತಾನೆ ರೂಸೋ. ಹಗಲೂ ರಾತ್ರಿ ಗಾಳಿ ಬೀಸಲಿ, ನೆಗಡಿಯಾದರೂ ಆಗಲಿ. ಇಲ್ಲಿ ತಿದ್ದುತ್ತಿರುವುದು ಗುರುವಲ್ಲ, ಚಳಿಗಾಳಿ. ಚಳಿಗಾಳಿಯ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನ ಇಲ್ಲವಲ್ಲ, ಅದಕ್ಕೇ ಹುಡುಗ ಹಟ ಹಿಡಿಯುವುದಿಲ್ಲ ಅನ್ನುವುದು ಅವನ ಲೆಕ್ಕ.

ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ನೋಟ್ಸ್‌ಗಳಲ್ಲಿ ಮುಂದಿನ ಭಾಗ ಸಾಮಾನ್ಯವಾಗಿ ಬಿಟ್ಟುಹೋಗಿರುತ್ತದೆ. ಹೊಸ ಗಾಜು ಹಾಕಿಸಿದ ಮೇಲೆ ಹುಡುಗ ಮತ್ತೆ ಒಡೆಯುತ್ತಾನೆ. ಆಗ ಗುರು, ಕಿಟಕಿ ನನ್ನದು, ಅದನ್ನು ಕಾಪಾಡಿಕೊಳ್ಳುತ್ತೇನೆ ಅಂತ ಶಾಂತವಾಗಿ ಹೇಳಿ, ಹುಡುಗನನ್ನು ಕಿಟಕಿಯೇ ಇಲ್ಲದ ಕತ್ತಲೆ ಕೋಣೆಯಲ್ಲಿ ಕೂಡಿಹಾಕುತ್ತಾನೆ. ಗಾಳಿ ತಾನಾಗಿ ಬಂತು. ಕತ್ತಲೆ ಕೋಣೆ ತಾನಾಗಿ ಬಂತೇ? ಹಾಗಾಗಿ ನಿಸರ್ಗದ ಪರಿಣಾಮ ಅಂತ ಯಾರಾದರೂ ಹೇಳಿದರೆ ನನ್ನ ಪ್ರಶ್ನೆ ಇಷ್ಟೇ: ಟೀಚರ್ ಅಲ್ಲಿ ಇಲ್ಲದಿದ್ದರೂ ಅದು ಆಗುತ್ತಿತ್ತೇ? ಜಾಸ್ತಿ ನೀರಿಗೆ ಸಸಿ ಕೊಳೆಯುವುದು ಹೌದು, ಆಗುತ್ತಿತ್ತು. ನೋಟ್‌ಬುಕ್ ತರದ ಮಗುವನ್ನು ಹೊರಗೆ ನಿಲ್ಲಿಸುವುದು ಆಗುತ್ತಿರಲಿಲ್ಲ. ಅದು ಶಿಕ್ಷೆಯೇ.

ಈಗ ಪ್ರಯೋಜನವಾದ. ಜಾನ್ ಡ್ಯೂಯಿ 1896ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ಶಾಲೆ ತೆರೆದ. ಅಲ್ಲಿ ಮಕ್ಕಳ ಕೈಗೆ ಹತ್ತಿಯ ಕಾಯಿ, ಕುರಿಯ ಉಣ್ಣೆ ಎರಡನ್ನೂ ಕೊಟ್ಟರು. ಹತ್ತಿ ಬಟ್ಟೆಯ ಉದ್ಯಮ ಉಣ್ಣೆಯದಕ್ಕಿಂತ ತಡವಾಗಿ ಬೆಳೆದದ್ದು ಯಾಕೆ ಅನ್ನುವುದು ಪ್ರಶ್ನೆ. ಒಂದು ಗುಂಪು ಕೂತು ಬೀಜದಿಂದ ಹತ್ತಿ ಬಿಡಿಸತೊಡಗಿತು. 30 ನಿಮಿಷ ಬಿಡಿಸಿದರೂ ಸಿಕ್ಕಿದ್ದು ಒಂದು ಔನ್ಸ್‌ಗಿಂತ ಕಡಿಮೆ, ಅಂದರೆ 28 ಗ್ರಾಂ ಕೂಡ ಇಲ್ಲ! ಆಮೇಲೆ ಎರಡರ ಎಳೆಗಳನ್ನೂ ಹೋಲಿಸಿ ನೋಡಿದರು. ಹತ್ತಿಯ ಎಳೆ ಗಿಡ್ಡ, ನುಣುಪು. ಉಣ್ಣೆಯದು ಉದ್ದ, ಒರಟು, ಒಂದಕ್ಕೊಂದು ಅಂಟಿಕೊಳ್ಳುತ್ತದೆ, ನೂಲುವುದು ಸುಲಭ. ಉತ್ತರ ಮಕ್ಕಳ ಬೆರಳಿಗೇ ಸಿಕ್ಕಿತು. ಅಲ್ಲಿಂದ ಪಾಠ ಬೀಜ ಬಿಡಿಸುವ ಯಂತ್ರದ ಕಡೆಗೆ, ಇತಿಹಾಸದ ಕಡೆಗೆ ಹೋಯಿತು.

ರೂಸೋನ ಹುಡುಗ ಪರಿಣಾಮವನ್ನು ಅನುಭವಿಸಿದ, ಅಷ್ಟೇ. ಶಿಕಾಗೋದ ಮಕ್ಕಳು ಪರಿಣಾಮವನ್ನು ಕೈಯಲ್ಲಿ ಹಿಡಿದು ಮುಂದಿನ ಪ್ರಶ್ನೆ ಕೇಳಿದರು. ಅದೂ ಒಬ್ಬೊಬ್ಬರೇ ಅಲ್ಲ, ಜೊತೆಯಾಗಿ. ‘ಎಮಿಲ್’ ಪುಸ್ತಕದ ಹುಡುಗನಿಗಾದರೋ ಶಾಲೆಯೇ ಇಲ್ಲ. ಒಬ್ಬ ಹುಡುಗ, ಅವನ ಹಿಂದೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಒಬ್ಬನೇ ಗುರು. ನಲವತ್ತು ಮಕ್ಕಳ ತರಗತಿಗೆ ಅದನ್ನು ಹಾಗೇ ತಂದು ಕೂರಿಸಲು ಆಗುವುದಿಲ್ಲ.

ನಿಮ್ಮ ಕುಂಡಗಳಿಗೆ ಬರೋಣ. ಕೊಳೆತದ್ದನ್ನು ಮಕ್ಕಳು ನೋಡಿ ಪೆಚ್ಚಾದರು, ಟೀಚರ್ ಮಾತೇ ಆಡದೆ ಅಲ್ಲಿಗೆ ಬಿಟ್ಟರು ಅಂದರೆ ಅದು ನಿಸರ್ಗವಾದ. ಕೊಳೆತ ಸಸಿಯನ್ನೂ ಚೆನ್ನಾಗಿರುವುದನ್ನೂ ಕಿತ್ತು ಬೇರು ಹೋಲಿಸಿ, ಎಷ್ಟು ನೀರು ಸರಿ ಅಂತ ಮಕ್ಕಳೇ ಊಹಿಸಿ, ಆ ಮೂರು ಕುಂಡಕ್ಕೆ ಮತ್ತೆ ಬೀಜ ಹಾಕಿ, ದಿನಕ್ಕೆ ಅರ್ಧ ಲೋಟ ಒಂದಕ್ಕೆ, ಒಂದು ಲೋಟ ಇನ್ನೊಂದಕ್ಕೆ, ದಿನ ಬಿಟ್ಟು ದಿನ ಮೂರನೆಯದಕ್ಕೆ ಅಂತ ಹಂಚಿಕೊಂಡರೆ ಅದು ಪ್ರಯೋಜನವಾದ. ಹೋಗಿ ಕೇಳಿಕೊಂಡು ಬನ್ನಿ.

ಪ್ರೌಢಶಾಲೆಯ ವಿಜ್ಞಾನ ಮೇಷ್ಟ್ರು:
ಮೇಡಂ, ನಿಸರ್ಗವಾದದ ವಿಷಯ ಒಪ್ಪಿದೆ. ಆದರೆ ಪ್ರಯೋಜನವಾದ ಅಂದರೆ ಮುಂದೆ ಕೆಲಸಕ್ಕೆ ಬರುವುದನ್ನು ಮಾತ್ರ ಕಲಿಸಬೇಕು ಅಂತ ಅಲ್ವಾ? ಹೆಸರಲ್ಲೇ ಇದೆಯಲ್ಲ. ಇನ್ನು ಆದರ್ಶವಾದ ಅಂದರೆ ಟೀಚರ್ ಉಪನ್ಯಾಸ, ನೀತಿಕಥೆ. ಕುಂಡದ ಪಾಠದಲ್ಲಿ ಅದಕ್ಕೆ ಜಾಗವೇ ಇಲ್ಲ.

ನಿವೃತ್ತ ಉಪನ್ಯಾಸಕಿ:
ನಮ್ಮ ಕನ್ನಡದ ಹೆಸರೇ ದಾರಿ ತಪ್ಪಿಸುತ್ತದೆ ಸರ್. ನೌಕರಿಗೆ ಬರುವ ಪ್ರಯೋಜನ ಅಲ್ಲ ಅದು. ಒಂದು ವಿಚಾರವನ್ನು ಬಳಸಿ ನೋಡಿದಾಗ ಏನಾಗುತ್ತದೆ ಅನ್ನುವುದರ ಮೇಲೆ ಅದರ ಬೆಲೆ ಕಟ್ಟುವುದು. ಶಿಕಾಗೋದ ಮಕ್ಕಳಲ್ಲಿ ಯಾರೂ ನೇಕಾರರಾಗಲಿ ಅಂತ ಹತ್ತಿ ಕೊಟ್ಟಿರಲಿಲ್ಲ.

ಆದರ್ಶವಾದವನ್ನು ಉಪನ್ಯಾಸ ಅನ್ನುವುದೂ ಅರ್ಧ ಮಾತ್ರ ಸರಿ. ಪ್ಲೇಟೋ ಬರೆದ ‘ಮೆನೋ’ ಸಂವಾದದಲ್ಲಿ ಸಾಕ್ರಟೀಸ್ ರೇಖಾಗಣಿತ ಕಲಿಯದ ಒಬ್ಬ ಆಳುಹುಡುಗನಿಗೆ ಎರಡು ಅಡಿ ಬಾಹುವಿನ ಚೌಕ ಬರೆದು ತೋರಿಸುತ್ತಾನೆ. ಇದರ ಎರಡರಷ್ಟು ದೊಡ್ಡ ಚೌಕಕ್ಕೆ ಬಾಹು ಎಷ್ಟು? ಹುಡುಗ ನಾಲ್ಕು ಅಡಿ ಅನ್ನುತ್ತಾನೆ. ಲೆಕ್ಕ ಹಾಕಿದರೆ 16 ಚದರ ಅಡಿ ಬರುತ್ತದೆ, ಬೇಕಾದದ್ದು 8. ಹಾಗಾದರೆ ಮೂರು ಅಡಿ ಅನ್ನುತ್ತಾನೆ. 9 ಬರುತ್ತದೆ. ಆಮೇಲೆ ಗೊತ್ತಿಲ್ಲ ಅಂತ ಕೈಚೆಲ್ಲುತ್ತಾನೆ. ಈ ಗೊತ್ತಿಲ್ಲ ಅನ್ನುವುದೇ ಲಾಭ ಅನ್ನುತ್ತಾನೆ ಸಾಕ್ರಟೀಸ್. ಕೊನೆಗೆ ಕರ್ಣದ ಮೇಲೆ ಚೌಕ ಕಟ್ಟಿದರೆ ಸರಿಯಾಗಿ 8 ಬರುವುದು ಹುಡುಗನಿಗೆ ಕಾಣುತ್ತದೆ. ಇಲ್ಲಿ ತಪ್ಪನ್ನು ತಿದ್ದಿದ್ದು ಗಾಳಿಯಲ್ಲ, ಪ್ರಯೋಗವೂ ಅಲ್ಲ. ಹುಡುಗನ ಒಳಗಿನ ಬುದ್ಧಿಯೇ. ಗುರು ಹೊರಗಿನಿಂದ ತುಂಬುವುದಿಲ್ಲ, ಒಳಗಿರುವುದನ್ನು ಹೊರಗೆ ಎಳೆಯುತ್ತಾನೆ ಅನ್ನುವುದು ಆದರ್ಶವಾದಿಗಳ ನಂಬಿಕೆ.

ಹಾಗಾಗಿ ಕುಂಡಗಳ ಮುಂದೆ ಕೂರಿಸಿ, ಪ್ರೀತಿಯಿಂದ ಕೊಟ್ಟ ನೀರೇ ಸಸಿಯನ್ನು ಕೊಂದಿತಲ್ಲ, ಹಾಗಾದರೆ ಆರೈಕೆ ಅಂದರೆ ಏನು ಅಂತ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರೆ ಅದು ಆದರ್ಶವಾದದ ಪಾಠವೇ ಸರ್.

ವಿಜ್ಞಾನ ಮೇಷ್ಟ್ರು:
ಸಾಕ್ರಟೀಸ್ ಎಳೆದನೋ ತುಂಬಿದನೋ? ಕರ್ಣದ ಗೆರೆ ಎಳೆದು ತೋರಿಸಿದ್ದು ಅವನೇ. ಹುಡುಗ ಬರೀ ಹೌದು ಹೌದು ಅಂದಿದ್ದು. ನನ್ನ ತರಗತಿಯಲ್ಲೂ ಹಾಗೇ ಆಗುತ್ತದೆ. ನಾನು ಪ್ರಶ್ನೆ ಕೇಳಿದ ಧಾಟಿಯಲ್ಲೇ ಉತ್ತರ ಇರುತ್ತದೆ, ಮಕ್ಕಳು ನನ್ನ ಮುಖ ನೋಡಿ ಹೌದು ಅನ್ನುತ್ತಾರೆ.

ನಿವೃತ್ತ ಉಪನ್ಯಾಸಕಿ:
ಗೆರೆಯ ವಿಷಯದಲ್ಲಿ ನೀವು ಹೇಳುವುದು ಸರಿ. ನಾನಾದರೂ ಅದಕ್ಕೆ ಪೂರ್ತಿ ಉತ್ತರ ಕೊಡಲಾರೆ. ಆದರೆ ಮೊದಲ ಎರಡು ತಪ್ಪು ಉತ್ತರ ಹುಡುಗನದೇ, ಅವು ತಪ್ಪು ಅಂತ ಕಂಡುಕೊಂಡಿದ್ದೂ ಅವನೇ. ಮಕ್ಕಳು ನಿಮ್ಮ ಮುಖ ನೋಡುತ್ತಿದ್ದಾರೋ ಚೌಕ ನೋಡುತ್ತಿದ್ದಾರೋ ತಿಳಿಯಬೇಕಾದರೆ ಸರಿ ಉತ್ತರಕ್ಕೂ ಒಮ್ಮೆ ‘ಹೌದಾ? ಹೇಗೆ?’ ಅಂತ ಕೇಳಿ ನೋಡಿ. ತಕ್ಷಣ ಉತ್ತರ ಬದಲಾಯಿಸಿದರೆ ನಿಮ್ಮ ಮುಖವನ್ನೇ ಓದುತ್ತಿದ್ದರು ಅಂತ.

ಒಬ್ಬ ತಾಯಿ:
ನನ್ನ ಮಗಳ ಶಾಲೆಯಲ್ಲಿ ತಿಂಗಳಿಗೊಂದು ಪ್ರಾಜೆಕ್ಟ್. ಥರ್ಮಾಕೋಲ್ ತಂದು ರಾತ್ರಿ ಹನ್ನೊಂದರವರೆಗೆ ಜ್ವಾಲಾಮುಖಿ ಮಾಡುವುದು ನಾನು. ಇದೇನಾ ನಿಮ್ಮ ಪ್ರಯೋಜನವಾದ? ಈ ಮೂರರಲ್ಲಿ ಯಾವ ವಾದದ ಶಾಲೆಗೆ ಮಗುವನ್ನು ಸೇರಿಸಬೇಕು, ಅದನ್ನಾದರೂ ಹೇಳಿ.

ನಿವೃತ್ತ ಉಪನ್ಯಾಸಕಿ:
ಈ ಬೋರ್ಡ್ ಹಾಕಿಕೊಂಡ ಶಾಲೆ ಸಿಗುವುದಿಲ್ಲಮ್ಮ. ಒಂದೇ ಶಾಲೆಯಲ್ಲಿ ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ನಡೆಯುತ್ತಿರುತ್ತದೆ.

ಪ್ರಾಜೆಕ್ಟ್ ಪದ್ಧತಿಗೆ ಹೆಸರು ತಂದಿದ್ದು ಡ್ಯೂಯಿಯ ಶಿಷ್ಯ ಕಿಲ್‌ಪ್ಯಾಟ್ರಿಕ್, 1918ರಲ್ಲಿ. ಮಗು ಮನಸಾರೆ ಕೈಗೆತ್ತಿಕೊಂಡ ಕೆಲಸ ಅನ್ನುವುದು ಅವನ ಮುಖ್ಯ ಮಾತು. ನಿಮ್ಮ ಮನೆಯ ಜ್ವಾಲಾಮುಖಿಯಲ್ಲಿ ಮಗಳ ಉದ್ದೇಶವೂ ಇಲ್ಲ, ಸಮಸ್ಯೆಯೂ ಇಲ್ಲ. ನಡುವೆ ಏನಾದರೂ ಕೆಟ್ಟು ಯೋಜನೆ ಬದಲಾಯಿಸಬೇಕಾಯಿತೇ ಅಂತ ನೋಡಿ. ಮೊದಲು ಅಂದುಕೊಂಡಂತೆಯೇ ಮುಗಿದುಹೋದರೆ ಅದು ಬರೀ ಕರಕುಶಲ.

ಶಿಶುವಿಹಾರದ ಶಿಕ್ಷಕಿ:
ನಮ್ಮಲ್ಲಿ ದಿನಾ ಮಕ್ಕಳನ್ನು ವೃತ್ತಾಕಾರದಲ್ಲಿ ಕೂರಿಸುತ್ತೇವೆ. ಆಟಿಕೆ, ಹಾಡು, ತೋಟ ಎಲ್ಲ ಇದೆ. ಶಿಶುವಿಹಾರ ಶುರು ಮಾಡಿದ ಫ್ರೋಬೆಲ್‌ನ ಪದ್ಧತಿ. ಅಂದಮೇಲೆ ನಮ್ಮದು ನಿಸರ್ಗವಾದ ಅಲ್ವಾ ಮೇಡಂ?

ನಿವೃತ್ತ ಉಪನ್ಯಾಸಕಿ:
ತೋಟ ನೋಡಿ ಹಾಗನ್ನಿಸುತ್ತದೆ, ಆದರೆ ಫ್ರೋಬೆಲ್‌ನ ಬೇರು ಆದರ್ಶವಾದದಲ್ಲಿದೆ. ಅವನು ಮಗುವಿನ ಕೈಗೆ ಮೊದಲು ಕೊಡುವುದು ಚೆಂಡು. ಆಟಕ್ಕೆ ಮಾತ್ರವಲ್ಲ, ಎಲ್ಲದರ ಏಕತೆಗೆ ಚೆಂಡು ಗುರುತು ಅಂತ. ವೃತ್ತವೂ ಹಾಗೇ. ಡ್ಯೂಯಿ 1916ರಲ್ಲಿ ಇದನ್ನೇ ಸ್ವಲ್ಪ ಚುಚ್ಚಿ ಬರೆದಿದ್ದಾನೆ: ಮಕ್ಕಳನ್ನು ಕೂರಿಸಲು ವೃತ್ತ ಅನುಕೂಲ ಅಂದರೆ ಇವರಿಗೆ ಸಾಲದು, ಅದು ಮನುಕುಲದ ಕೂಡುಬಾಳಿನ ಸಂಕೇತ ಅನ್ನಲೇಬೇಕು ಅಂತ. ನೀವು ಯಾಕೆ ವೃತ್ತದಲ್ಲಿ ಕೂರಿಸುತ್ತೀರಿ?

ಶಿಶುವಿಹಾರದ ಶಿಕ್ಷಕಿ:
ಎಲ್ಲರ ಮುಖ ಕಾಣುತ್ತದೆ, ಹಿಂದಿನ ಸಾಲಿನಲ್ಲಿ ಗಲಾಟೆ ಇರುವುದಿಲ್ಲ. 😄

ನಿವೃತ್ತ ಉಪನ್ಯಾಸಕಿ:
ಹಾಗಾದರೆ ನೀವು ಡ್ಯೂಯಿ ಕಡೆಯವರು.

ಪ್ರಶ್ನೆ ಕೇಳಿದವರು:
ಇವತ್ತು ಹೋಗಿ ಕೇಳಿದೆ ಮೇಡಂ. ಸಸಿ ಕೊಳೆತ ಮರುದಿನ ಟೀಚರ್ ಏನೂ ಹೇಳಿಲ್ಲ. ಎರಡು ದಿನ ಬಿಟ್ಟು ಒಬ್ಬ ಹುಡುಗ ತಾನೇ ಒಂದು ಕುಂಡವನ್ನು ಮಗುಚಿದನಂತೆ. ತಳದಲ್ಲಿ ತೂತೇ ಇರಲಿಲ್ಲ. ಉಳಿದ ಎರಡನ್ನೂ ಮಗುಚಿದರು, ಅವಕ್ಕೂ ಇರಲಿಲ್ಲ. ಚೆನ್ನಾಗಿದ್ದ ಏಳಕ್ಕೂ ತೂತು ಇತ್ತು! ಈಗ ತೂತು ಮಾಡಿ ಮತ್ತೆ ಬೀಜ ಹಾಕಿದ್ದಾರೆ. ಇದು ಟೀಚರ್‌ಗೂ ಗೊತ್ತಿರಲಿಲ್ಲವಂತೆ. ಈಗ ನಿಸರ್ಗವಾದ ಅಂತ ಬರೆಯಲಾ, ಪ್ರಯೋಜನವಾದ ಅಂತಲಾ?

ವಿಜ್ಞಾನ ಮೇಷ್ಟ್ರು:
ಹಾಗಾದರೆ ತಪ್ಪು ನೀರಿನದೊಂದೇ ಅಲ್ಲ. ಆದರೆ ತೂತು ಮಾಡಿದ ಮೇಲೆ ನೀರನ್ನೂ ಕಡಿಮೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಒಂದು ಕುಂಡವನ್ನು ತೂತಿಲ್ಲದೆ ಬಿಡಲು ಹೇಳಿ.

ನಿವೃತ್ತ ಉಪನ್ಯಾಸಕಿ:
ಟೀಚರ್ ಸುಮ್ಮನಿದ್ದದ್ದು ಒಂದು ವಾದ, ಹುಡುಗ ಕುಂಡ ಮಗುಚಿದ್ದು ಇನ್ನೊಂದು. ವರದಿಯಲ್ಲಿ ಎರಡನ್ನೂ ಬೇರೆ ಬೇರೆ ಬರೆಯಿರಿ. ಒಂದೇ ಹೆಸರು ಬರೆಯಿರಿ ಅಂತ ನಿಮ್ಮ ಮಾರ್ಗದರ್ಶಕರು ಪಟ್ಟು ಹಿಡಿಯಬಹುದು. ಆಗ ನಾನಾದರೆ ಪ್ರಯೋಜನವಾದ ಅಂತ ಬರೆಯುತ್ತೇನೆ. ಅವರು ಒಪ್ಪದೆಯೂ ಇರಬಹುದು. ಅಂದಹಾಗೆ, ಮೇಷ್ಟ್ರು ಹೇಳಿದ ಆ ತೂತಿಲ್ಲದ ಕುಂಡದ ವಿಷಯ ಟೀಚರ್‌ಗೆ ಹೇಳಬೇಡಿ. ಆ ಹುಡುಗನಿಗೇ ಹೊಳೆಯುತ್ತದೋ ಏನೋ, ಒಂದು ವಾರ ನೋಡಿ.