ಅಪ್‌ಡೇಟ್: ಭೂಸುಧಾರಣೆ ಪ್ರಬಂಧ ತಿದ್ದಿದ್ದು ಹೀಗೆ

ನನ್ನ ಪ್ರಶ್ನೆ: "1974ರ ಭೂಸುಧಾರಣೆ ಬಗ್ಗೆ ಬಿಎ ಪ್ರಬಂಧ. ಮಾಹಿತಿ ಇದೆ, ವಾದ ಕಾಣ್ತಿಲ್ಲ ಅಂತಾರೆ. ಎಲ್ಲಿಂದ ತಿದ್ದಲಿ?"

ಪ್ರತಿ ಪ್ಯಾರಾದ ಪಕ್ಕ ಅದರ ಸಾರವನ್ನು ಒಂದೇ ಸಾಲಲ್ಲಿ ಬರೆದೆ. ಮೂರು ಪ್ಯಾರಾ ಬರೀ ಕಾಯ್ದೆಯ ಅಂಶಗಳೇ. ಅವನ್ನು ಒಂದು ಮಾಡಿದೆ. ನಿಜವಾದ ವಾದ ಕೊನೆಯಲ್ಲಿ ಅಡಗಿತ್ತು: "ಕಾಯ್ದೆ ಗೇಣಿದಾರರನ್ನು ಒಡೆಯರನ್ನಾಗಿಸಿತು, ಭೂಹೀನ ಕೂಲಿಕಾರರಿಗೆ ಅಷ್ಟು ನೆರವಾಗಲಿಲ್ಲ." ಅದೀಗ ಪೀಠಿಕೆಯ ಕೊನೆಯ ಸಾಲು.

"1974ರಲ್ಲಿ ಭೂನ್ಯಾಯ ಮಂಡಳಿಗಳು ಬಂದವು" ಎಂದು ಪ್ಯಾರಾ ಶುರುವಾಗುತ್ತಿತ್ತು. ಅದು ಬರೀ ಸಂಗತಿ, ಮುಂದೆ ಏನು ಬೇಕಾದರೂ ಬರಬಹುದು, ಹಾಗಾಗಿಯೇ ಬರಹ ದಾರಿ ತಪ್ಪುತ್ತಿತ್ತು. ಈಗ: "ಉಳುವ ಭೂಮಿಗೆ ಮಂಡಳಿಯ ಮುಂದೆ ಹಕ್ಕು ಕೇಳಲು ಗೇಣಿದಾರನಾಗಿರಬೇಕಿತ್ತು, ಕೂಲಿಕಾರ ಅಲ್ಲೇ ಹೊರಗುಳಿದ."

ಉಪಸಂಹಾರದಲ್ಲಿದ್ದ ಕೇರಳದ ಹೋಲಿಕೆ ಹೊಸ ವಿಷಯ, ತೆಗೆದೆ. ಬದಲಿಗೆ, ಉಳುವವನೇ ಒಡೆಯ ಎಂಬಲ್ಲಿ 'ಉಳುವವನು' ಅಂದರೆ ಕಾಯ್ದೆಗೆ ಗೇಣಿದಾರ ಮಾತ್ರ ಎಂದು ಖಚಿತವಾಗಿ ಬರೆದೆ.